ಏಕಾದಶಿ ಒಂದೇ ದಿನದ್ದಲ್ಲ

ನನಗೆ ಆಗ ಏಳು ತಿಂಗಳು ತುಂಬಿತ್ತು. ಮೊದಲೆರಡು ಸಲ ಗರ್ಭ ನಿಂತಿರಲಿಲ್ಲ. ಈ ಸಲ ನಿಂತರೆ ಸೊಸೆ ಕೈಲಿ ವೈಕುಂಠ ಏಕಾದಶಿ ನಿರ್ಜಲ ಮಾಡಿಸ್ತೀನಿ ಅಂತ ಅತ್ತೆ ಒಂಟಿಕೊಪ್ಪಲಿನ ವೆಂಕಟರಮಣನಿಗೆ ಹರಕೆ ಹೊತ್ತಿದ್ದರು. ಒಂದು ದಿನ ತಾನೇ ಎಂದು ಮನೆಯವರೆಲ್ಲರ ಲೆಕ್ಕ. ಆದರೆ ನಮ್ಮಲ್ಲಿ ದಶಮಿಯ ಮಧ್ಯಾಹ್ನ ಊಟ ಮಾಡಿದರೆ ರಾತ್ರಿ ಏನೂ ಮುಟ್ಟುವುದಿಲ್ಲ. ಮತ್ತೆ ಎಲೆ ಹಾಕುವುದು ದ್ವಾದಶಿ ಬೆಳಿಗ್ಗೆ ಪಾರಣೆಗೆ. ಕೂಡಿಸಿದರೆ 40 ಗಂಟೆ ಆಗುತ್ತದೆ.

ದೇವಸ್ಥಾನದ ಸಾಲಿನಲ್ಲಿ ನಿಂತಾಗ ಬಾಯಾರಿಕೆಯೇ ಇರಲಿಲ್ಲ. ಧನುರ್ಮಾಸದ ಚಳಿ ಮೋಸ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೂತ್ರ ಕಡಿಮೆಯಾಗಿ, ಕಡು ಹಳದಿಗೆ ತಿರುಗಿತ್ತು. ತಲೆ ಸಿಡಿಯುತ್ತಿತ್ತು, ಎದ್ದರೆ ಕಣ್ಣು ಕತ್ತಲೆ. ಸಂಜೆ ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವಾಗತೊಡಗಿತು. ದಿನವೂ ಆ ಹೊತ್ತಿಗೆ ಒದೆಯುವ ಮಗು ಸುಮ್ಮನಿತ್ತು. ಅದನ್ನು ಹೇಳಿದ್ದೇ ತಡ, ಅತ್ತೆಯೇ ಲೋಟದಲ್ಲಿ ನೀರು ತಂದು ಕುಡಿಸಿ, ಆಟೋ ಕರೆಸಿದರು.

ಆಸ್ಪತ್ರೆಯಲ್ಲಿ ಮೂತ್ರ ನೋಡಿ ಕೀಟೋನ್ ಇದೆ ಅಂದರು. ಬಸುರಿಯ ರಕ್ತದ ಸಕ್ಕರೆಯನ್ನು ಮಗುವೂ ಎಳೆದುಕೊಳ್ಳುವುದರಿಂದ ಊಟ ಬಿಟ್ಟರೆ ಅದು ಬೇರೆಯವರಿಗಿಂತ ಬೇಗ ಇಳಿಯುತ್ತದಂತೆ. ಆಗ ಮೈಯ ಕೊಬ್ಬು ಕರಗಿ ಕೀಟೋನ್ ಹುಟ್ಟುತ್ತದೆ. ನೀರು ಕಡಿಮೆಯಾದರೆ ಗರ್ಭಕೋಶವೂ ಬಿಗಿಯಬಹುದು. ಡ್ರಿಪ್ ಹಾಕಿ, ಮಗುವಿನ ಎದೆಬಡಿತ ನೋಡುತ್ತಾ ರಾತ್ರಿಯೆಲ್ಲ ಇರಿಸಿಕೊಂಡರು. ಗರ್ಭಕೋಶದ ಬಾಯಿ ತೆರೆದಿರಲಿಲ್ಲ. ಬೆಳಗಿನ ಜಾವಕ್ಕೆ ಬಿಗಿತ ನಿಂತಿತು.

"ಇನ್ಮೇಲೆ ಮಗು ಸುಮ್ಮನಾಯ್ತು ಅನ್ಸಿದ್ರೆ ಎಡ ಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೇಲಿ ಹತ್ತು ಸಲ ಅಲ್ಲಾಡದಿದ್ರೆ ಬಂದ್ಬಿಡಿ. ಹೊಟ್ಟೆ ಬಿಟ್ಟುಬಿಟ್ಟು ಬಿಗಿದ್ರೆ, ನೀರು ಹೋದ್ರೆ, ರಕ್ತ ಕಂಡ್ರೆ ಎಣಿಸ್ತಾ ಕೂರಬೇಡಿ," ಅಂದರು ಡಾಕ್ಟರಮ್ಮ.

ಹರಕೆ ಅರ್ಧಕ್ಕೆ ನಿಂತಿತಲ್ಲ ಎಂದು ಅತ್ತೆಗೆ ಒಳಗೊಳಗೇ ಸಂಕಟ. ಪೌರೋಹಿತ್ಯ ಮಾಡುವ ನಮ್ಮ ದೊಡ್ಡಪ್ಪ ನಕ್ಕರು. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧಿ ಇವು ವ್ರತ ಕೆಡಿಸುವುದಿಲ್ಲ ಎಂದು ಮಹಾಭಾರತದ ವಿದುರನೀತಿಯಲ್ಲೇ ಇದೆಯಂತೆ. "ಹರಕೆ ಹೊತ್ತೋಳು ನೀನು. ಅವಳ ಹೊಟ್ಟೆ ಯಾಕಮ್ಮ ಕಾಯಿಸ್ತೀಯ?" ಎಂದರು. ಬಸುರಿಗೆ ನಿರ್ಜಲದ ಕಟ್ಟಳೆ ಯಾವ ಶಾಸ್ತ್ರಿಗಳೂ ಹೇರಲಾರರು ಅಂತ ನನಗೂ ಅನ್ನಿಸುತ್ತದೆ. ಹೇರುವವರು ನಾವು ಮನೆಯವರೇ.

ಮುಂದಿನ ಏಕಾದಶಿಯನ್ನು ಅತ್ತೆ ತಾವೇ ಮಾಡಿದರು. ನಾನು ಡಾಕ್ಟರನ್ನು ಕೇಳಿಕೊಂಡು ಹಗಲು ಅನ್ನ ಮಾತ್ರ ಬಿಟ್ಟೆ. ಎರಡು ಮೂರು ಗಂಟೆಗೊಮ್ಮೆ ಬೇಯಿಸಿದ ಗೆಣಸು, ಕಡಲೆಕಾಯಿ ಬೀಜ, ಹಾಲು, ಬಾಳೆಹಣ್ಣು. ನಡುವೆ ಎಳನೀರು, ಮಜ್ಜಿಗೆ, ಮೂತ್ರ ತಿಳಿಯಾಗಿ ಹೋಗುವಷ್ಟು ನೀರು. ರಾತ್ರಿ ಮಾಮೂಲು ಊಟ. ಪಕ್ಕದ ಬೀದಿಯ ಗೆಳತಿಗೆ ಬಸಿರಲ್ಲಿ ಸಕ್ಕರೆ ಬಂದು ಇನ್ಸುಲಿನ್ ನಡೆಯುತ್ತಿತ್ತು. ಅವಳಿಗೆ ಡಾಕ್ಟರು ಈ ಫಲಾಹಾರವನ್ನೂ ಬೇಡವೆಂದರು: ಊಟ ತಪ್ಪಿದರೆ ಸಕ್ಕರೆ ಕುಸಿಯುತ್ತದೆ, ಬರೀ ಹಣ್ಣಾದರೆ ಏರುತ್ತದೆ. ಅವಳು ಹೊತ್ತುಹೊತ್ತಿಗೆ ಊಟ ಮಾಡಿ, ಸಂಜೆ ದೇವಸ್ಥಾನಕ್ಕೆ ತುಳಸಿ ಕೊಟ್ಟು ಬಂದಳು.