ಅಕ್ಕನ ಕೀಲಿಪೆಟ್ಟಿಗೆಯ ಹಾಡು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ತರಗತಿಯಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದರೆ ನಾನು ಅದನ್ನು ತಿದ್ದದೆ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ. ಆ ಅಭ್ಯಾಸವನ್ನು ಮನೆಯಲ್ಲಿಯೂ ಬಿಟ್ಟವನಲ್ಲ. ಹಾಗೆ ಮನೆಯಲ್ಲಿ ತಿದ್ದಿದ ಒಂದು ಉತ್ತರ ಸರಿಯಾದದ್ದೇ ಆಗಿತ್ತು ಎಂಬುದು ತಿಳಿಯಲು ನನಗೆ ನಲವತ್ತೈದು ವರ್ಷಗಳು ಬೇಕಾದವು. ಅದನ್ನು ಇಲ್ಲಿ ಬರೆದಿಡುತ್ತೇನೆ.

2019ರ ಮಳೆಗಾಲದಲ್ಲಿ ಅಕ್ಕನ ಮಗಳು ಭದ್ರಾವತಿಯಿಂದ ಆಲ್ಕೊಳದ ನಮ್ಮ ಮನೆಗೆ ಬಂದಳು. ಅಕ್ಕ ತೀರಿಕೊಂಡು ಆಗ ಮೂರು ವರ್ಷಗಳಾಗಿದ್ದವು. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಮರದ ಪೆಟ್ಟಿಗೆಯೊಂದನ್ನು ತೆಗೆದು ನನ್ನ ಮುಂದಿಟ್ಟು, "ಮಾಮ, ಅಮ್ಮ ಕೊನೆಕೊನೆಗೆ ದಿನಾ ಸಂಜೆ ಇದಕ್ಕೆ ಕೀಲಿ ಕೊಟ್ಟುಕೊಂಡು ಕೂರುತ್ತಿದ್ದಳು. ಇದು ಯಾವ ಹಾಡು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ನೀವು ಹೇಳಬೇಕು" ಎಂದಳು. ಪೆಟ್ಟಿಗೆ ನನಗೆ ಪರಿಚಿತವೇ. 1974ರಲ್ಲಿ ಭಾವನವರ ಬಂಧುವೊಬ್ಬರು ಲಂಡನ್ನಿನಿಂದ ತಂದುಕೊಟ್ಟದ್ದು. ಆದರೆ ಮುಚ್ಚಳ ತೆಗೆದಾಗ ಬಂದ ಟಿಣಿಟಿಣಿ ನಾದ ಮಾತ್ರ ಹಿಂದೆಂದೂ ಕೇಳಿದ್ದೆಂದು ಅನಿಸಲಿಲ್ಲ. ಮಧ್ಯೆ ಮಧ್ಯೆ ಮಾತು ಮರೆತವರಂತೆ ಅದು ಸುಮ್ಮನಾಗಿಬಿಡುತ್ತಿತ್ತು. ಜೊತೆಗೆ ಬಂದಿದ್ದ ಅವಳ ಮಗ ಹಾಡು ಹುಡುಕುವ ಮೊಬೈಲ್ ಆ್ಯಪನ್ನು ಪೆಟ್ಟಿಗೆಯ ಹತ್ತಿರ ಹಿಡಿದ. ಏನೂ ಸಿಕ್ಕಲಿಲ್ಲ. ಅಂಥ ಆ್ಯಪು ತನ್ನಲ್ಲಿರುವ ಧ್ವನಿಮುದ್ರಿಕೆಗಳೊಂದಿಗೆ ಕೇಳಿದ ಸದ್ದನ್ನು ಹೋಲಿಸಿ ನೋಡುತ್ತದೆ. ನಮ್ಮ ಈ ಮುರುಕು ಪೆಟ್ಟಿಗೆಯ ಧ್ವನಿಮುದ್ರಿಕೆ ಯಾರ ಬಳಿ ಇದ್ದೀತು?

ಅವರಿಬ್ಬರನ್ನೂ ಊಟಕ್ಕೆ ಕೂರಿಸಿ, ನಾನು ಪೆಟ್ಟಿಗೆಯ ಒಳಗಿನ ಯಂತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ರಚನೆ ಬಹಳ ಸರಳ. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ಉರುಳೆ, ಅದರ ಮೈಮೇಲೆ ಸಣ್ಣ ಸಣ್ಣ ಮುಳ್ಳುಗಳು. ಉರುಳೆಗೆ ತಾಗಿದಂತೆ ಉಕ್ಕಿನ ಬಾಚಣಿಗೆ, ಅದಕ್ಕೆ ಹದಿನೆಂಟು ಹಲ್ಲುಗಳು. ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಉರುಳೆಯನ್ನು ತಿರುಗಿಸುತ್ತದೆ. ಮುಳ್ಳು ಬಂದು ಹಲ್ಲನ್ನು ಮೀಟಿ ಹೋಗುತ್ತದೆ. ಒಂದು ಹಲ್ಲಿಗೆ ಒಂದೇ ಸ್ವರ. ಉದ್ದದ ಹಲ್ಲಿಗೆ ಮಂದ್ರದ ಸ್ವರ, ಗಿಡ್ಡ ಹಲ್ಲಿಗೆ ಮೇಲಿನ ಸ್ವರ. ಕೀಲಿ ಇಳಿಯುತ್ತಾ ಬಂದಾಗ ಹಾಡು ನಿಧಾನವಾಗುತ್ತದೆಯೇ ಹೊರತು ಶ್ರುತಿ ಇಳಿಯುವುದಿಲ್ಲ. ಹಳೆಯ ಟೇಪುಗಳಲ್ಲಿ ವೇಗ ತಗ್ಗಿದಾಗ ಗಾಯಕರ ಕಂಠ ಗೊಗ್ಗರಾಗುತ್ತಿದ್ದುದು ನಿಮಗೆ ಗೊತ್ತು. ಇಲ್ಲಿ ಹಾಗಾಗದು, ಏಕೆಂದರೆ ಸ್ವರ ಇರುವುದು ಹಲ್ಲಿನ ಅಳತೆಯಲ್ಲಿ. ಆದ್ದರಿಂದ ಸ್ವರ ಗುರುತಿಸಲು ಕೀಲಿ ಮುಗಿಯುವ ಹೊತ್ತೇ ಒಳ್ಳೆಯದು. ಒಂದೊಂದು ನಾದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ.

ನನಗೆ ಮೊದಲು ಎದುರಾದ ತೊಡಕೆಂದರೆ ಹಾಡಿನ ಆರಂಭ ಎಲ್ಲಿ ಎಂಬುದು. ಮುಚ್ಚಳ ಮುಚ್ಚಿದಾಗ ಉರುಳೆ ಎಲ್ಲಿ ನಿಂತಿತ್ತೋ, ತೆಗೆದಾಗ ಅಲ್ಲಿಂದಲೇ ಹಾಡು ಮುಂದುವರಿಯುತ್ತದೆ. ನಾವು ಕೇಳುವುದು ಹಾಡಿನ ನಡುವಿನಿಂದ. ನಡುವಿನಿಂದ ಕೇಳಿದ ಹಾಡು, ಪಲ್ಲವಿ ಬಿಟ್ಟು ಚರಣದಿಂದ ಆರಂಭಿಸಿದ ಹಾಗೆ, ಪರಿಚಿತವಾದರೂ ಅಪರಿಚಿತವಾಗಿ ತೋರುತ್ತದೆ. ಉರುಳೆಯನ್ನು ನಿಧಾನವಾಗಿ ತಿರುಗಲು ಬಿಟ್ಟು ನೋಡಿದಾಗ ಒಂದು ಕಡೆ, ಒಂದು ಗೆರೆಯ ಅಗಲಕ್ಕೆ, ಮುಳ್ಳುಗಳೇ ಇಲ್ಲದ ಬೋಳು ಜಾಗ ಕಾಣಿಸಿತು. ಅದೇ ಹಾಡಿನ ಕೊನೆ ಮತ್ತು ಮೊದಲು ಕೂಡುವ ಸ್ಥಳ. ಅಲ್ಲಿ ಉರುಳೆಯ ಅಂಚಿಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟುಕೊಂಡೆ.

ಎರಡನೆಯ ತೊಡಕು ಸುಮ್ಮನಾಗುವ ಜಾಗಗಳು. ಬಾಚಣಿಗೆಯಲ್ಲಿ ಪಕ್ಕಪಕ್ಕದ ಎರಡು ಹಲ್ಲುಗಳು ಬುಡದಲ್ಲಿಯೇ ಮುರಿದಿದ್ದವು. ಆದರೆ ಉರುಳೆಯ ಮುಳ್ಳುಗಳು ಹಾಗೆಯೇ ಇದ್ದವು. ಆದ್ದರಿಂದ ನಾದ ಬರದಿದ್ದರೂ, ಯಾವ ಕ್ಷಣದಲ್ಲಿ ಅದು ಬರಬೇಕಾಗಿತ್ತು ಎಂಬುದು ಮುಳ್ಳು ಹಾದುಹೋಗುವುದನ್ನು ನೋಡಿದರೆ ತಿಳಿಯುತ್ತಿತ್ತು.

ಊಟ ಮುಗಿದ ಮೇಲೆ ನಮ್ಮ ಹಳೆಯ ಹಾರ್ಮೋನಿಯಂ ತೆಗೆದೆ. ಮೊದಲು ತಾಳ ಹಾಕಿ ಎಣಿಸಿದೆ. ಹಾಡು ಮೂರು ಮೂರು ಎಣಿಕೆಗಳಲ್ಲಿ ನಡೆಯುತ್ತಿತ್ತು. ಚುಕ್ಕೆಯಿಂದ ಚುಕ್ಕೆಯವರೆಗೆ ಅಂಥ ಹದಿನಾಲ್ಕು ಗುಂಪುಗಳು. ಆರನೆಯ ಗುಂಪಿನಲ್ಲಿ ಒಂದೇ ಸ್ವರ ಉದ್ದಕ್ಕೆ ನಿಲ್ಲುತ್ತಿತ್ತು. ಎಂದರೆ ಮೊದಲ ಭಾಗ ಆರು, ಎರಡನೆಯದು ಎಂಟು. ಮಕ್ಕಳ ಹಾಡುಗಳು ಸಾಮಾನ್ಯವಾಗಿ ಎಂಟಕ್ಕೆ ಎಂಟು ಎಂದು ಸಮನಾಗಿ ಕೂರುತ್ತವೆ. ಈ ಅಸಮ ಅಳತೆಯೇ ಒಂದು ಗುರುತು. ಆಮೇಲೆ ಷಡ್ಜ. ಮೊದಲು ಕೇಳಿಸಿದ ಸ್ವರವನ್ನೇ ಷಡ್ಜವೆಂದು ಹಿಡಿದರೆ ಎಷ್ಟೋ ವೇಳೆ ದಾರಿ ತಪ್ಪುತ್ತದೆ. ಹಾಡು ಕೊನೆಗೆ ಎಲ್ಲಿ ಬಂದು ವಿಶ್ರಮಿಸುತ್ತದೆಯೋ ಅದನ್ನು ಹಿಡಿಯಬೇಕು. ಹಾಗೆ ಹಿಡಿದು, ಕೇಳದ ಸ್ವರಕ್ಕೆ ಅಡ್ಡಗೆರೆ ಹಾಕುತ್ತಾ ಬರೆದುಕೊಂಡೆ. ಮೊದಲ ಭಾಗ ಹೀಗಿತ್ತು:

ಸ ಸ ರಿ | ನಿ ಸ ರಿ | – – ಮ | – ರಿ ಸ | ರಿ ಸ ನಿ | ಸ

ಎರಡನೆಯ ಭಾಗ ಮೂರು ಪಂಚಮಗಳಿಂದ ಆರಂಭವಾಗುತ್ತಿತ್ತು. ಮುಚ್ಚಳ ತೆಗೆದಾಗ ನಾವು ಕೇಳಿದ್ದು ಅಲ್ಲಿಂದ.

ಹಲ್ಲುಗಳು ಉದ್ದದಿಂದ ಗಿಡ್ಡಕ್ಕೆ ಸಾಲಾಗಿರುವುದರಿಂದ ಮುರಿದ ಸ್ವರವನ್ನು ಊಹಿಸುವುದು ಸುಲಭ. ಮುರಿದ ಜಾಗದ ಒಂದು ಪಕ್ಕ ರಿಷಭ, ಇನ್ನೊಂದು ಪಕ್ಕ ಮಧ್ಯಮ. ನಡುವಿನದು ಗಾಂಧಾರವೇ ಆಗಬೇಕು. ಹಲ್ಲುಗಳು ಎರಡಿದ್ದುದಕ್ಕೆ ಕಾರಣ, ಒಂದೇ ಸ್ವರ ಬೆನ್ನುಬೆನ್ನಿಗೆ ಬರುವಲ್ಲಿ, ಇನ್ನೂ ಕಂಪಿಸುತ್ತಿರುವ ಹಲ್ಲಿಗೆ ಮತ್ತೆ ಮುಳ್ಳು ತಾಗಿದರೆ ಕರ್ಕಶ ಸದ್ದು ಬರುತ್ತದೆಂದು ಅದೇ ಶ್ರುತಿಯ ಎರಡು ಹಲ್ಲುಗಳನ್ನು ಇಡುವುದುಂಟು. ಆದರೆ ಯಾವ ಗಾಂಧಾರ? ಉಳಿದ ಸ್ವರಗಳೆಲ್ಲ ಶಂಕರಾಭರಣಕ್ಕೂ ಹೊಂದುತ್ತವೆ, ಗೌರಿಮನೋಹರಿಗೂ ಹೊಂದುತ್ತವೆ. ಇವೆರಡಕ್ಕೂ ಇರುವ ವ್ಯತ್ಯಾಸ ಗಾಂಧಾರವೊಂದೇ, ಮುರಿದದ್ದೂ ಅದೇ! ಆಗ ಹಿನ್ನೆಲೆಯ ಉದ್ದ ಹಲ್ಲುಗಳತ್ತ ಕಿವಿಗೊಟ್ಟೆ. ಮುಖ್ಯ ಹಾಡಿಗೆ ಜೊತೆಯಾಗಿ ಮಂದ್ರದಲ್ಲಿ ಒಂದು ಗಾಂಧಾರ ಮೆಲ್ಲಗೆ ನುಡಿಯುತ್ತಿತ್ತು. ಅದು ಅಂತರ ಗಾಂಧಾರ. ಅಲ್ಲಿಗೆ ಶಂಕರಾಭರಣವೆಂದು ಖಚಿತವಾಯಿತು. ಅಡ್ಡಗೆರೆಗಳಲ್ಲಿ ಗಾಂಧಾರ ತುಂಬಿ ಹಾರ್ಮೋನಿಯಂನಲ್ಲಿ ನುಡಿಸಿದೊಡನೆ ನಕ್ಕುಬಿಟ್ಟೆ. ಇಂಗ್ಲೆಂಡಿನ ರಾಷ್ಟ್ರಗೀತೆ! 1974ರಲ್ಲಿಯೇ ನಾನು ಗುರುತಿಸಿದ್ದ ಹಾಡು. ಸೊಸೆಗೆ ಹಾಗೆಯೇ ಹೇಳಿದೆ. ಅವಳ ಮುಖ ಸಪ್ಪೆಯಾಯಿತು. "ಅಮ್ಮ ದಿನಾ ಕೇಳುತ್ತಿದ್ದದ್ದು ಅದನ್ನಾ?" ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಸಂಗೀತದ ಶಿಕ್ಷಕಿ ಕಾಂಪೌಂಡಿನ ಆಚೆಯಿಂದ, "ಏನು ಮೇಷ್ಟ್ರೇ, ಈ ವಯಸ್ಸಿನಲ್ಲಿ ನೋಟ್ಟುಸ್ವರ ಅಭ್ಯಾಸ ಮಾಡುತ್ತಿದ್ದೀರಿ? 'ಸಂತತಂ ಪಾಹಿಮಾಂ' ಅಲ್ಲವೇ?" ಎಂದರು. ನನ್ನ ಕೈ ಹಾರ್ಮೋನಿಯಂ ಮೇಲೆಯೇ ನಿಂತುಬಿಟ್ಟಿತು.

ಏಕೆಂದರೆ 1974ರ ಆ ಸಂಜೆ ಅಕ್ಕ ಹೇಳಿದ್ದೂ ಅದನ್ನೇ. ಪೆಟ್ಟಿಗೆ ನುಡಿದೊಡನೆ ಅವಳು, "ಇದು ದೀಕ್ಷಿತರದ್ದು ಕಣೋ. ಶ್ಯಾಮಲಾದೇವಿಯ ಮೇಲಿನದ್ದು. ಪಾಠದಲ್ಲಿ ನಮಗೆ ಹೇಳಿಕೊಟ್ಟಿದ್ದರು" ಎಂದು ಸಂಭ್ರಮದಿಂದ ದನಿಗೂಡಿಸಿದ್ದಳು. ಹೊಸದಾಗಿ ಮೇಷ್ಟರಾಗಿದ್ದ ನಾನು, ರೇಡಿಯೊದಲ್ಲಿ ಕೇಳಿದ್ದ ಬಲದ ಮೇಲೆ, ಬಂಧುಗಳೆಲ್ಲರ ಎದುರಿಗೆ, "ಲಂಡನ್ನಿನ ಪೆಟ್ಟಿಗೆಯಲ್ಲಿ ದೀಕ್ಷಿತರು ಎಲ್ಲಿಂದ ಬರುತ್ತಾರೆ? ಅದು ಅವರ ರಾಣಿಯ ಹಾಡು" ಎಂದು ನಕ್ಕಿದ್ದೆ. ಎಲ್ಲರೂ ನಕ್ಕಿದ್ದರು. "ಇರಲಿ ಬಿಡೋ" ಎಂದು ಅಕ್ಕ ಮುಚ್ಚಳ ಮುಚ್ಚಿದ್ದಳು. ಆಮೇಲೆ ನನ್ನೆದುರಿಗೆ ಅವಳು ಆ ಪೆಟ್ಟಿಗೆಯನ್ನು ತೆಗೆದದ್ದನ್ನು ನಾನು ಕಾಣೆ.

ಶಿಕ್ಷಕಿಯವರು ಒಳಬಂದು ವಿವರಿಸಿದರು. ಮುತ್ತುಸ್ವಾಮಿ ದೀಕ್ಷಿತರು ತಾರುಣ್ಯದಲ್ಲಿ ಮದ್ರಾಸಿನ ಸಮೀಪದ ಮಣಲಿಯಲ್ಲಿದ್ದಾಗ ಕಂಪನಿ ಸರ್ಕಾರದ ಬ್ಯಾಂಡು ಸಂಗೀತವನ್ನು ಕೇಳಿದ್ದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತದ್ದೂ ಆ ಪರಿಸರದಲ್ಲಿಯೇ. ಹಾಗೆ ಕೇಳಿದ ಪಾಶ್ಚಾತ್ಯ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಹೊಂದಿಸಿದರು. ಅಂಥವು ಮೂವತ್ತಕ್ಕೂ ಹೆಚ್ಚು ಉಳಿದುಬಂದಿವೆ, ಅವೇ ನೋಟ್ಟುಸ್ವರಗಳು. 'ಸಂತತಂ ಪಾಹಿಮಾಂ' ಇಂಗ್ಲೆಂಡಿನ ಆ ಗೀತೆಯ ಧಾಟಿಯಲ್ಲಿಯೇ ಇದೆ. ಧಾಟಿ ಲಂಡನ್ನಿನಲ್ಲಿ ಅಚ್ಚಾದದ್ದು 1744ರ ಸುಮಾರಿಗೆ. ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ. ಅದೇ ಧಾಟಿಗೆ 1831ರಲ್ಲಿ ಅಮೆರಿಕದವರು ತಮ್ಮ ದೇಶಭಕ್ತಿಗೀತೆಯೊಂದನ್ನು ಬರೆದುಕೊಂಡರು. ಪುಟ್ಟ ದೇಶವಾದ ಲಿಕ್ಟನ್‌ಸ್ಟೈನಿನ ರಾಷ್ಟ್ರಗೀತೆಗೂ ಇದೇ ಧಾಟಿ.

ಅವರು ಹೇಳಿದ ಇನ್ನೊಂದು ಮಾತು ನನ್ನಲ್ಲಿ ಉಳಿದಿದೆ. ನಮ್ಮ ಸಂಗೀತದ ಬೇರೆ ಕೃತಿಗಳನ್ನು ಇಂಥ ಪೆಟ್ಟಿಗೆಯಲ್ಲಿ ನುಡಿಸಿದರೆ ಗುರುತು ಸಿಗುವುದೇ ಕಷ್ಟ. ನಮ್ಮ ಸ್ವರಕ್ಕೆ ಗಮಕ ಬೇಕು; ಅದು ಜಾರಬೇಕು, ತೂಗಬೇಕು. ಉಕ್ಕಿನ ಹಲ್ಲಿಗೆ ಅದು ಸಾಧ್ಯವಿಲ್ಲ, ಒಮ್ಮೆ ಮೀಟಿದರೆ ಒಂದೇ ಸ್ವರ. ಗಮಕವಿಲ್ಲದೆ ನೇರ ಸ್ವರಗಳಲ್ಲಿ ಹಾಡುವ ನೋಟ್ಟುಸ್ವರಗಳು ಮಾತ್ರ ಬಾಚಣಿಗೆಯ ಹಲ್ಲುಗಳ ನಡುವೆ ಮುಕ್ಕಾಗದೆ ಉಳಿಯುತ್ತವೆ. ಆದ್ದರಿಂದ ಅಕ್ಕನಿಗೆ ಆ ದಿನ ಗುರುತು ಸಿಕ್ಕಿದ್ದು ಭ್ರಮೆಯಲ್ಲ. ತಾನು ಕಲಿತ ಪಾಠವನ್ನು ಸ್ವರ ಸ್ವರವೂ ತಪ್ಪದಂತೆ ಅವಳು ಕೇಳಿದ್ದಳು.

ಪೆಟ್ಟಿಗೆ ಮಾಡಿದವನು ಮನಸ್ಸಿನಲ್ಲಿಟ್ಟದ್ದು ಇಂಗ್ಲೆಂಡಿನ ಗೀತೆಯನ್ನೇ ಇರಬೇಕು. ಅದು ಬಂದ ಊರೂ, ಹಿನ್ನೆಲೆಯಲ್ಲಿ ಒಟ್ಟಿಗೆ ನುಡಿಯುವ ಸ್ವರಗಳೂ ಹಾಗೆಯೇ ಹೇಳುತ್ತವೆ. ಆದರೆ ಉರುಳೆಯ ಮೇಲೆ ಇರುವುದು ಧಾಟಿ ಮಾತ್ರ. ಸಾಹಿತ್ಯ ಇರುವುದು ಕೇಳುವವರಲ್ಲಿ. ಹಾಡು ಯಾವುದೆಂದು ಅಕ್ಕ ಸರಿಯಾಗಿಯೇ ಹೇಳಿದ್ದಳು, ನಾನೂ ಸರಿಯಾಗಿಯೇ ಹೇಳಿದ್ದೆ. ನನ್ನ ತಪ್ಪು ಇದ್ದದ್ದು ಆ ನಗೆಯಲ್ಲಿ.

ಸೊಸೆಗೆ ಎರಡೂ ಹೆಸರುಗಳನ್ನು ಬರೆದುಕೊಟ್ಟೆ, ದೀಕ್ಷಿತರದ್ದನ್ನು ಮೊದಲು. ಶಿಕ್ಷಕಿಯವರು ಅವಳಿಗೆ ಅದನ್ನು ಎರಡು ಸಲ ಹಾಡಿ ತೋರಿಸಿದರು. ಮುರಿದ ಹಲ್ಲುಗಳನ್ನು ಕಟ್ಟಿಸಬೇಕೇ ಎಂದು ಕೇಳಿದ್ದಕ್ಕೆ ಅವಳು ಬೇಡವೆಂದಳು. "ಗಾಂಧಾರ ಬಂದಾಗ ನಾನೇ ಹಾಡಿಕೊಳ್ಳುತ್ತೇನೆ ಮಾಮ" ಎಂದು ಪೆಟ್ಟಿಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಭದ್ರಾವತಿಯ ಬಸ್ಸಿಗೆ ಹೊರಟಳು.