ಗಾಜಿನ ಹಿಂದಿನ ಕಣ್ಣು

ಕನ್ನಡಕದ ಮೇಲೆ ಬಿದ್ದ ಬೆಳಕು ಎರಡು ಬಗೆಯದು. ಒಂದು ತೆಳುವಾದ ಪರದೆಯಂತೆ ಇರುತ್ತದೆ; ಅದರ ಹಿಂದೆ ಕಣ್ಣು ಮಸುಕಾಗಿಯಾದರೂ ಕಾಣುತ್ತದೆ. ಇನ್ನೊಂದು ಸುಣ್ಣ ಬಳಿದ ಗೋಡೆ. ಅದರ ಹಿಂದೆ ಏನೂ ಇಲ್ಲ. ಫೋಟೊ ತಿದ್ದಲು ಕೂತವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಕಂಪ್ಯೂಟರಿನಲ್ಲಿ ಆ ಬಿಳಿಯ ಮೇಲೆ ಬಾಣದ ಗುರುತು ಇಟ್ಟಾಗ ಕೆಂಪು, ಹಸಿರು, ನೀಲಿ ಮೂರೂ 255 ಎಂದು ತೋರಿಸಿದರೆ ಕ್ಯಾಮೆರಾ ಅಲ್ಲಿ ಕಣ್ಣನ್ನು ದಾಖಲಿಸಿಯೇ ಇಲ್ಲ. ಎಷ್ಟು ಕಪ್ಪು ಮಾಡಿದರೂ ಬಿಳಿ ಬೂದಿಯಾಗುತ್ತದೆ, ಅಷ್ಟೆ.

ನಮ್ಮ ಸ್ಟುಡಿಯೋಗೆ ಒಮ್ಮೆ ಹಿರಿಯರೊಬ್ಬರು ತೀರಿಹೋದ ತಮ್ಮ ಯಜಮಾನರ ಫೋಟೊ ತಂದಿದ್ದರು. ಅವರು ನಿವೃತ್ತ ಮೇಷ್ಟ್ರು. ವೈಕುಂಠ ಸಮಾರಾಧನೆಗೆ ಚೌಕಟ್ಟು ಹಾಕಿಸಬೇಕಿತ್ತು. ಮಗಳ ಮದುವೆಯಲ್ಲಿ ತೆಗೆದದ್ದು, ನಗು ಚೆನ್ನಾಗಿತ್ತು. ಆದರೆ ಬಲಗಣ್ಣಿನ ಮೇಲೆ ಹಸಿರು ಪರದೆ, ಎಡಗಣ್ಣಿನ ಮೇಲೆ ಫ್ಲ್ಯಾಶಿನ ಬಿಳಿ.

ಬಲಗಣ್ಣು ಸುಲಭ. ಹೊಸ ಪದರವೊಂದನ್ನು Color ಕ್ರಮದಲ್ಲಿಟ್ಟು, ಕೆನ್ನೆಯ ಬಣ್ಣ ಎತ್ತಿಕೊಂಡು ರೆಪ್ಪೆಯ ಮೇಲೆ ಸವರಿದೆ. ಹಸಿರು ಹೋಯಿತು, ನೆರಳು ಬೆಳಕು ಹಾಗೇ ಉಳಿದವು. ಕಣ್ಣಿನ ಬಿಳಿಭಾಗಕ್ಕೆ ಮಾತ್ರ ಬೂದು ಬಣ್ಣ ಬೇಕು, ಇಲ್ಲದಿದ್ದರೆ ಅದೂ ಚರ್ಮದಂತೆ ಕಾಣುತ್ತದೆ. ಆಮೇಲೆ ಪರದೆಯಿದ್ದಷ್ಟು ಜಾಗವನ್ನು Curves ಬಳಸಿ ಕಪ್ಪಾಗಿಸಿದಾಗ ಕಣ್ಣಗುಡ್ಡೆ ಹೊರಬಂತು.

ಎಡಗಣ್ಣಿಗೆ ಎರವಲೇ ಗತಿ. ಬಲಗಣ್ಣನ್ನು ತಿರುಗಿಸಿ ಅಂಟಿಸುವುದು ಹಲವರ ಉಪಾಯ. ಆಗ ಗುಡ್ಡೆಯ ಮೇಲಿನ ಬೆಳಕಿನ ಚುಕ್ಕೆ ತಪ್ಪು ಬದಿಗೆ ಬೀಳುತ್ತದೆ. ಅದಲ್ಲದೆ ಯಾರ ಎರಡು ಕಣ್ಣೂ ಒಂದೇ ಅಲ್ಲ. ಗುರುತಿನ ಚೀಟಿಯ ಫೋಟೊ ಇತ್ತು, ಅದರಲ್ಲಿ ಕನ್ನಡಕವಿರಲಿಲ್ಲ. ಮೇಷ್ಟ್ರದು ಮೈನಸ್ ಗಾಜು. ಅದು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ. ಬರಿಗಣ್ಣನ್ನು ತಂದು ಗಾಜಿನೊಳಗೆ ಕೂರಿಸಿದರೆ ಗಾಬರಿಬಿದ್ದವರಂತೆ ಕಾಣುತ್ತಾರೆ.

"ಅದೇ ಹೊತ್ತಿನಲ್ಲಿ ತೆಗೆದ ಬೇರೆ ಫೋಟೊ ಇದೆಯೇ ಅಮ್ಮಾ?" ಎಂದು ಕೇಳಿದೆ. ಮದುವೆಯ ಪೆನ್‌ಡ್ರೈವ್ ತಂದುಕೊಟ್ಟರು. ಅದೇ ಸಾಲಿನ ಮೂರನೆಯ ಚಿತ್ರದಲ್ಲಿ ಮುಖ ತುಸು ವಾಲಿತ್ತು, ಫ್ಲ್ಯಾಶ್ ಬೇರೆಡೆಗೆ ಪುಟಿದಿತ್ತು. ಆ ಕಣ್ಣನ್ನು ಗಾಜಿನ ಅಂಚಿನವರೆಗೆ ಕತ್ತರಿಸಿ ತಂದು, ಅರೆಪಾರದರ್ಶಕ ಮಾಡಿ ಮೂಗಿನ ಬುಡಕ್ಕೂ ಹುಬ್ಬಿಗೂ ಹೊಂದಿಸಿ, ಕೊಂಚ ತಿರುಗಿಸಿದೆ. ಗಾಜಿನ ಮೇಲಂಚಿನಲ್ಲಿ ಸಣ್ಣ ಹೊಳಪನ್ನು ಬೇಕೆಂದೇ ಉಳಿಸಿದೆ. ಪೂರ್ತಿ ಒರೆಸಿದರೆ ಗಾಜೇ ಇಲ್ಲದ ಬರೀ ಚೌಕಟ್ಟಿನಂತೆ ಕಾಣುತ್ತದೆ.

ಅಮ್ಮ ಬಹಳ ಹೊತ್ತು ನೋಡಿದರು. "ಈ ಕಡೆ ರೆಪ್ಪೆ ಸ್ವಲ್ಪ ಜೋತಿರೋದು ಹಾಗೇ ಬಂದಿದೆಯಲ್ಲಪ್ಪ" ಎಂದರು. ಆ ಜೋತ ರೆಪ್ಪೆ ಬಲಗಣ್ಣಿನಲ್ಲಿ ಇರಲಿಲ್ಲ.

ಮೂರನೆಯ ಚಿತ್ರ ಸಿಗದಿದ್ದರೆ ಎಡಗಾಜಿನ ಬಿಳಿಯನ್ನು ತುಸು ತಗ್ಗಿಸಿ ಹಾಗೇ ಕೊಡುತ್ತಿದ್ದೆ. ಬೆಳಕು ಮುಚ್ಚಿದ ಕಣ್ಣು ಅವರದೇ. ನಾನು ಬರೆದ ಕಣ್ಣು ಯಾರದೋ.