ಹೋಗಿ ಬರ್ತೇನ್ರಿ

ರಾಯಬಾಗ ತಾಲೂಕಿನ ಒಂದು ಖಾಸಗಿ ಕಾಲೇಜಿನಲ್ಲಿ ಮೂರು ವರ್ಷ ಪಾಠ ಮಾಡಿದೆ. ಕೊನೆಗೆ ಎರಡು ತಿಂಗಳ ಪಗಾರ ಬರಲಿಲ್ಲ. ಕೇಳಿದ್ದಕ್ಕೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮಾತು ಬಂತು. ರಾಜೀನಾಮೆ ಕೊಟ್ಟೆ.

ಕೊನೆಯ ದಿನ ವಾಟ್ಸಾಪ್ ಗುಂಪಿಗೆ ಬೀಳ್ಕೊಡುಗೆಯ ಸಂದೇಶ ಹಾಕಬೇಕಿತ್ತು. ಚಿಕ್ಕೋಡಿಯ ಬಸ್ಸಿನಲ್ಲಿ ಕೂತು ಬರೆದೆ: ‘ಕಷ್ಟದ ದಿನಗಳಲ್ಲಿ ನನ್ನ ಜೊತೆ ನಿಂತ ಕೆಲವರಿಗೆ ಧನ್ಯವಾದ. ಇಲ್ಲಿ ತುಂಬಾ ಕಲಿತೆ. ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ.’ ಬಹಳ ಘನತೆಯಿಂದ ಬರೆದಿದ್ದೇನೆ ಅನ್ನಿಸಿತು.

ನಿಪ್ಪಾಣಿಯಿಂದ ಬರುತ್ತಿದ್ದ ಹಿರಿಯ ಸಹೋದ್ಯೋಗಿಗೆ ತೋರಿಸಿದೆ. ಅವರ ಮನೆಮಾತು ಮರಾಠಿ. ಓದಿ ಫೋನು ವಾಪಸು ಕೊಟ್ಟರು. ‘ತಮ್ಮಾ, ಇದರಾಗ ಧನ್ಯವಾದ ಎಲ್ಲೈತಿ? ಈ “ಕೆಲವರು” ಅನ್ನೋದು ಉಳಿದವರಿಗೆ ಚುಚ್ಚಾಕ ಬರದೀದಿ.’

ನಿಜ. ‘ಕೆಲವರು’ ಅಂದರೆ ಉಳಿದವರು ನಿಲ್ಲಲಿಲ್ಲ ಎಂದರ್ಥ. ‘ತುಂಬಾ ಕಲಿತೆ’ ಎಂದು ಏನು ಕಲಿತೆನೆಂದು ಹೇಳದಿದ್ದರೆ ಅದು ಕೊಂಕು. ದೇವರನ್ನು ಕರೆದದ್ದಂತೂ ಶಾಪಕ್ಕೇ. ಸಿಟ್ಟು ಬೈಗುಳದಲ್ಲಿ ಅಡಗುವುದಿಲ್ಲ, ಹೆಸರಿಲ್ಲದ ಇಂಥ ಮಾತುಗಳಲ್ಲಿ ಅಡಗುತ್ತದೆ.

‘ಹಂಗಾದ್ರ ಪಗಾರದ ಮಾತು ಬಿಟ್ಟುಬಿಡ್ಲೇನ್ರಿ ಸರ?’ ಅಂದೆ. ‘ಬಿಡಬ್ಯಾಡ. ಅದಕ್ಕ ಬ್ಯಾರೆ ಕಾಗದ ಬರಿ’ ಅಂದರು.

ಹಾಗಾಗಿ ಎರಡು ಬರಹಗಳಾದವು. ಪ್ರಾಂಶುಪಾಲರಿಗೆ ಬರೆದ ಪತ್ರದಲ್ಲಿ ಬಾಕಿ ತಿಂಗಳುಗಳು, ಮೊತ್ತ, ಅನುಭವ ಪತ್ರದ ಕೋರಿಕೆ. ಅದರ ಇನ್ನೊಂದು ಪ್ರತಿಗೆ ಕಚೇರಿಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆ. ಸಿಟ್ಟಿಗೆ ಅಲ್ಲಿ ಜಾಗ ಸಿಕ್ಕ ಮೇಲೆ ಗುಂಪಿನ ಸಂದೇಶ ತಾನೇ ಹಗುರಾಯಿತು:

‘ಎಲ್ಲರಿಗೂ ನಮಸ್ಕಾರ. ಇಂದು ಇಲ್ಲಿ ನನ್ನ ಕೊನೆಯ ದಿನ. ಆಂತರಿಕ ಅಂಕಗಳ ಪಟ್ಟಿ ಕಚೇರಿಗೆ ಒಪ್ಪಿಸಿದ್ದೇನೆ, ಗ್ರಂಥಾಲಯದ ಪುಸ್ತಕ ಮರಳಿಸಿದ್ದೇನೆ. ಮೊದಲ ವರ್ಷ ತಮ್ಮ ಪಾಠದ ಟಿಪ್ಪಣಿ ಕೊಟ್ಟ ಇತಿಹಾಸ ವಿಭಾಗದವರಿಗೆ, ಬಸ್ ತಪ್ಪಿದಾಗ ಬೈಕಿನಲ್ಲಿ ಬಿಟ್ಟುಬಂದ ಕಚೇರಿಯ ಗೆಳೆಯರಿಗೆ ಋಣಿ. ಸಂಶೋಧನೆ ಮುಂದುವರಿಸುತ್ತೇನೆ. ನಂಬರ್ ಇದೇ ಇರುತ್ತದೆ.’

ಬಿಡುವ ಕಾರಣ ಬರೆಯಲಿಲ್ಲ. ‘ವೈಯಕ್ತಿಕ ಕಾರಣ’ ಅಂದಿದ್ದರೆ ಸುಳ್ಳಾಗುತ್ತಿತ್ತು, ಬರೆಯದಿರುವುದು ಸುಳ್ಳಲ್ಲ.

ಕೊನೆಯ ಸಾಲಿಗೆ ಮಾತ್ರ ತಡವರಿಸಿದೆ. ನಮ್ಮಲ್ಲಿ ಮನೆ ಬಿಡುವಾಗ ‘ಹೋಗ್ತೇನಿ’ ಅನ್ನುವುದಿಲ್ಲ, ‘ಹೋಗಿ ಬರ್ತೇನಿ’ ಅನ್ನುತ್ತೇವೆ. ಮರಾಠಿಯವರೂ ಹೊರಡುವಾಗ ‘ಯೇತೋ’, ಬರ್ತೇನೆ, ಅನ್ನುತ್ತಾರೆ. ಮರಳಿ ಬರಲು ಮನಸ್ಸಿಲ್ಲದವನು ಅದನ್ನು ಹೇಗೆ ಬರೆಯುವುದು? ‘ಅದು ಜಾಗಾಕ್ಕ ಹೇಳೂದಲ್ಲ, ಮಂದಿಗೆ ಹೇಳೂದು’ ಅಂದರು ಸರ. ‘ಹೋಗಿ ಬರ್ತೇನ್ರಿ’ ಎಂದು ಸೇರಿಸಿ ಕಳಿಸಿದೆ.

ಎರಡು ತಿಂಗಳ ಮೇಲೆ ಅನುಭವ ಪತ್ರಕ್ಕೆ ಹೋದಾಗ ಸಿಪಾಯಿ ಕಾಕಾ ಚಹಾ ತಂದಿಟ್ಟು, ‘ಬರ್ತೇನಂದಿದ್ರಿ, ಬಂದ್ರಿ’ ಎಂದು ನಕ್ಕರು. ಪತ್ರ ಸಿಕ್ಕಿತು. ಒಂದು ತಿಂಗಳ ಪಗಾರ ಇನ್ನೂ ಬಾಕಿ ಇದೆ; ಸೀಲು ಬಿದ್ದ ಪ್ರತಿ ನನ್ನ ಹತ್ತಿರವೇ ಇದೆ.